ಅರ್ಧದಲ್ಲಿ ಸೊನ್ನೆಯಾಗುವ ಎರಡು ಉತ್ತರಗಳು: ಒಂದು ಕೈತಪ್ಪು, ಇನ್ನೊಂದು ನಿಜ

ಪ್ರಶ್ನೆ: ಕೈಯಲ್ಲಿ ಬರೆದ ಹಾಳೆಯ ಚಿತ್ರ ಕಳಿಸುತ್ತಿದ್ದೇನೆ, ಅಕ್ಷರಕ್ಕೆ ಕ್ಷಮೆಯಿರಲಿ. ಹೆಡ್ ಬೀಳುವ ಸಂಭವನೀಯತೆ p ಇರುವ ನಾಣ್ಯವನ್ನು n ಸಲ ಚಿಮ್ಮಿದರೆ ಆ ಮಾದರಿಯಲ್ಲಿ p ಬಗ್ಗೆ ಇರುವ ಫಿಶರ್ ಮಾಹಿತಿ ನನಗೆ n(1−2p)/(p(1−p)) ಎಂದು ಬಂತು. ಪುಸ್ತಕದಲ್ಲಿ n/(p(1−p)) ಎಂದಿದೆ. ನನ್ನ ತಪ್ಪು ಎಲ್ಲಿ? ಪುಸ್ತಕದ ಉತ್ತರವೇ ಸರಿಯಾದರೂ ಅದು p = 1/2 ಆದಾಗ ಅತಿ ಕಡಿಮೆ; ಆದರೆ ಸಮನಾದ ನಾಣ್ಯದಲ್ಲೇ ಮಾಹಿತಿ ಅತಿ ಹೆಚ್ಚು, ಒಂದು ಬಿಟ್, ಎಂದು ಓದಿದ್ದೇನೆ. ಕೊನೆಯದಾಗಿ, p ಬದಲು p(1−p) ಅನ್ನು ಅಂದಾಜು ಮಾಡುವಾಗ ವೇರಿಯನ್ಸಿನ ಕೆಳಮಿತಿ p = 1/2 ರಲ್ಲಿ ಸೊನ್ನೆ ಬರುತ್ತದೆ. ಸೊನ್ನೆ ವೇರಿಯನ್ಸಿನ ಅಂದಾಜು ಸಾಧ್ಯವೇ?

ಉತ್ತರ: ನಿಮ್ಮ ಅಕ್ಷರ ಚೆನ್ನಾಗಿಯೇ ಇದೆ, ತಪ್ಪು ಮೂರನೇ ಸಾಲಿನ ಒಂದು ಚಿಹ್ನೆಯಲ್ಲಿದೆ. ಹೆಡ್‌ಗಳ ಒಟ್ಟು ಸಂಖ್ಯೆಯನ್ನು S ಎಂದು, 1−p ಅನ್ನು q ಎಂದು ಕರೆಯೋಣ. ಲೈಕ್ಲಿಹುಡ್‌ನ ಲಾಗರಿದಮ್ಮನ್ನು ನೀವು S ln p + (n−S) ln(1−p) ಎಂದು ಸರಿಯಾಗಿ ಬರೆದಿದ್ದೀರಿ, ಒಂದು ಸಲ ಅವಕಲನ ಮಾಡಿದಾಗ S/p − (n−S)/(1−p) ಎಂಬುದೂ ಸರಿಯಾಗಿದೆ. ಎರಡನೇ ಸಲ ಅವಕಲನ ಮಾಡುವಾಗ ಮೊದಲ ಪದ −S/p² ಆಯಿತು, ಆದರೆ ಎರಡನೇ ಪದದ ಮುಂದಿದ್ದ ಋಣ ಚಿಹ್ನೆಯನ್ನು ನೀವು ಧನ ಮಾಡಿಬಿಟ್ಟಿರಿ. (1−p) ಯ ಒಳಗಿನ ಋಣ ಚಿಹ್ನೆ ಎರಡನೇ ಅವಕಲನದಲ್ಲಿ ಒಂದು ಸಲ ಹೊರಬರುತ್ತದೆ, ಘಾತ −1 ಕೆಳಗಿಳಿಯುವಾಗ ಇನ್ನೊಂದು ಋಣ ಚಿಹ್ನೆ ಬರುತ್ತದೆ. ಅವೆರಡೂ ಪರಸ್ಪರ ಅಳಿಸಿಹೋಗಿ, ಮುಂದೆ ಮೊದಲೇ ಇದ್ದ ಋಣ ಚಿಹ್ನೆ ಹಾಗೆಯೇ ಉಳಿಯುತ್ತದೆ. ನೀವು ಆ ಎರಡರಲ್ಲಿ ಒಂದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡಿದ್ದೀರಿ. ಸರಿಯಾದ ಸಾಲು ಹೀಗಿರಬೇಕು:

−S/p² − (n−S)/(1−p)²

ಇದರ ಚಿಹ್ನೆ ಬದಲಿಸಿ, S ನ ನಿರೀಕ್ಷಿತ ಮೌಲ್ಯ np ಎಂಬುದನ್ನು ಹಾಕಿದರೆ n/p + n/q, ಎಂದರೆ n/(pq) ಬರುತ್ತದೆ. ಪುಸ್ತಕವೇ ಸರಿ.

ಪುಸ್ತಕ ನೋಡದೆಯೂ ನಿಮ್ಮ ಉತ್ತರದ ಮೇಲೆ ಅನುಮಾನ ಬರಬೇಕಿತ್ತು, ಏಕೆಂದರೆ p ಅರ್ಧಕ್ಕಿಂತ ಹೆಚ್ಚಾದ ಕೂಡಲೇ n(1−2p)/(pq) ಋಣವಾಗುತ್ತದೆ, ಆದರೆ ಫಿಶರ್ ಮಾಹಿತಿ ಒಂದು ವರ್ಗದ ಸರಾಸರಿಯಾದ್ದರಿಂದ ಎಂದೂ ಋಣವಾಗಲಾರದು. ಇನ್ನೊಂದು ಸುಳಿವೂ ಇತ್ತು. ಹೆಡ್ ಮತ್ತು ಟೇಲ್ ಹೆಸರುಗಳನ್ನು ಅದಲುಬದಲು ಮಾಡಿದರೆ p ಇದ್ದಲ್ಲಿ q ಬರುತ್ತದೆಯೇ ಹೊರತು ನಾಣ್ಯದ ಬಗ್ಗೆ ನಮಗಿರುವ ತಿಳಿವಳಿಕೆ ಬದಲಾಗುವುದಿಲ್ಲ. ಆದ್ದರಿಂದ ಸರಿಯಾದ ಉತ್ತರವು ಈ ಅದಲುಬದಲಿಗೆ ಅಲುಗಬಾರದು. ನಿಮ್ಮ ಉತ್ತರ ಆಗ ಚಿಹ್ನೆಯನ್ನೇ ಬದಲಿಸಿಕೊಳ್ಳುತ್ತದೆ.

ಎರಡನೇ ಅವಕಲನಕ್ಕೆ ಹೋಗದೆ ಇದೇ ಉತ್ತರವನ್ನು ಪಡೆಯುವ ದಾರಿಯೊಂದಿದೆ. ವಿದ್ಯಾರ್ಥಿಗಳಿಗೆ ನಾನು ಅದನ್ನೇ ಮೊದಲು ಹೇಳುತ್ತೇನೆ, ಏಕೆಂದರೆ ಅಲ್ಲಿ ಮಾಹಿತಿ ಎಂಬುದು ಕಣ್ಣಿಗೆ ಕಾಣುತ್ತದೆ. ಒಂದೇ ಒಂದು ಚಿಮ್ಮುವಿಕೆಯನ್ನು ತೆಗೆದುಕೊಳ್ಳಿ. ಲಾಗರಿದಮ್ಮಿನ ಮೊದಲ ಅವಕಲನಕ್ಕೆ ಸ್ಕೋರ್ ಎಂದು ಹೆಸರು. ಹೆಡ್ ಬಿದ್ದರೆ ಸ್ಕೋರ್ 1/p, ಟೇಲ್ ಬಿದ್ದರೆ −1/q. ಹೆಡ್ ಬಿದ್ದಾಗ ಅದು p ಯನ್ನು ಮೇಲಕ್ಕೆ ತಳ್ಳುತ್ತದೆ, ಟೇಲ್ ಬಿದ್ದಾಗ ಕೆಳಕ್ಕೆ ಎಳೆಯುತ್ತದೆ. ಈ ತಳ್ಳಾಟದ ಸರಾಸರಿ p·(1/p) − q·(1/q), ಎಂದರೆ ಸೊನ್ನೆ. ಅದರ ವರ್ಗದ ಸರಾಸರಿ p·(1/p²) + q·(1/q²) = 1/p + 1/q = 1/(pq). ಸರಾಸರಿ ಸೊನ್ನೆಯಾದ್ದರಿಂದ ಈ ವರ್ಗದ ಸರಾಸರಿಯೇ ಸ್ಕೋರಿನ ವೇರಿಯನ್ಸ್, ಮತ್ತು ಅದೇ ಫಿಶರ್ ಮಾಹಿತಿ. ಚಿಮ್ಮುವಿಕೆಗಳು ಪರಸ್ಪರ ಸ್ವತಂತ್ರವಾಗಿರುವುದರಿಂದ ವೇರಿಯನ್ಸ್‌ಗಳು ಕೂಡುತ್ತವೆ, ಹಾಗಾಗಿ n ಚಿಮ್ಮುವಿಕೆಗಳಿಗೆ ಮಾಹಿತಿ n/(pq). ಇಡೀ ಮಾದರಿಯ ಸ್ಕೋರನ್ನು U ಎಂದು ಕರೆದರೆ U = (S − np)/(pq) ಎಂದು ಅಚ್ಚುಕಟ್ಟಾಗಿ ಬರೆಯಬಹುದು; ಈ ರೂಪ ಮುಂದೆ ಬೇಕಾಗುತ್ತದೆ.

ಈಗ ಎರಡನೇ ಸಂಶಯ. ಸಮನಾದ ನಾಣ್ಯದಲ್ಲಿ ಒಂದು ಬಿಟ್ ಮಾಹಿತಿ ಇದೆ ಎನ್ನುವುದು ಶಾನನ್ 1948 ರಲ್ಲಿ ಕೊಟ್ಟ ಎಂಟ್ರೊಪಿಯ ಮಾತು. ಅಲ್ಲಿ p ನಮಗೆ ಗೊತ್ತಿರುತ್ತದೆ, ಗೊತ್ತಿಲ್ಲದ್ದು ಮುಂದಿನ ಚಿಮ್ಮುವಿಕೆಯ ಫಲಿತಾಂಶ. ಅದನ್ನು ನೋಡಿದಾಗ ಎಷ್ಟು ಅನಿಶ್ಚಿತತೆ ಕಳೆಯುತ್ತದೆ ಎಂಬುದು ಅಲ್ಲಿನ ಅಳತೆ. ಫಿಶರ್ ಮಾಹಿತಿಯಲ್ಲಿ ಇದು ತಿರುಗುಮುರುಗಾಗಿದೆ: ಫಲಿತಾಂಶಗಳು ಕೈಯಲ್ಲಿವೆ, ಗೊತ್ತಿಲ್ಲದ್ದು p. ಎರಡಕ್ಕೂ ಒಂದೇ ಪದ ಬಳಕೆಗೆ ಬಂದದ್ದು ವಿದ್ಯಾರ್ಥಿಗಳ ದುರದೃಷ್ಟ.

ಆದರೂ ಅರ್ಧದಲ್ಲೇ ಏಕೆ ಕನಿಷ್ಠ ಎಂಬುದನ್ನು ಒಂದು ಲೆಕ್ಕದಿಂದ ನೋಡುವುದು ಒಳ್ಳೆಯದು. 100 ಸಲ ಚಿಮ್ಮುತ್ತೇವೆ ಎನ್ನಿ. p ಯು 0.50 ರಿಂದ 0.51 ಕ್ಕೆ ಸರಿದರೆ ನಿರೀಕ್ಷಿತ ಹೆಡ್‌ಗಳು 50 ರಿಂದ 51 ಕ್ಕೆ ಏರುತ್ತವೆ. ಆದರೆ ಹೆಡ್‌ಗಳ ಸಂಖ್ಯೆಯ ಸಹಜ ಏರಿಳಿತ, ಎಂದರೆ ಮಾನಕ ವಿಚಲನೆ, ಅಲ್ಲಿ 5 ಇದೆ. ಐದರ ಅಲೆಯಲ್ಲಿ ಒಂದರ ಬದಲಾವಣೆಯನ್ನು ಗುರುತಿಸಬೇಕು. ಅದೇ p ಯು 0.01 ರಿಂದ 0.02 ಕ್ಕೆ ಸರಿದರೆ ನಿರೀಕ್ಷಿತ ಹೆಡ್‌ಗಳು 1 ರಿಂದ 2 ಆಗುತ್ತವೆ, ಮತ್ತು ಅಲ್ಲಿನ ಏರಿಳಿತ ಸುಮಾರು 1 ಮಾತ್ರ. ಸರಿದದ್ದು ಎರಡೂ ಕಡೆ 0.01 ರಷ್ಟೇ ಆದರೂ ಎರಡನೆಯದು ಬಹಳ ಸುಲಭವಾಗಿ ಕಾಣುತ್ತದೆ. ಸೂತ್ರವೂ ಇದನ್ನೇ ಹೇಳುತ್ತದೆ: p = 0.5 ರಲ್ಲಿ ಮಾಹಿತಿ 400, p = 0.01 ರಲ್ಲಿ ಸುಮಾರು 10,101.

ಇಲ್ಲಿ ಒಂದು ಸೂಕ್ಷ್ಮವಿದೆ, ನಿಮ್ಮ ಮೂರನೇ ಪ್ರಶ್ನೆಯ ಬೀಗದ ಕೈಯೂ ಅದೇ. 0.01 ರಷ್ಟು ಸರಿಯುವುದು ಎಂಬ ಅಳತೆಗೋಲನ್ನು ಆಯ್ದುಕೊಂಡವರು ನಾವು. ಅದರ ಬದಲು ಪಂದ್ಯ ಕಟ್ಟುವವರ ಹಾಗೆ p/q ಎಂಬ ಅನುಪಾತದ ಲಾಗರಿದಮ್ಮನ್ನು, ಎಂದರೆ θ = ln(p/q) ಅನ್ನು, ಅಳತೆಗೋಲಾಗಿ ಇಟ್ಟುಕೊಂಡರೆ dp/dθ = pq ಆಗುತ್ತದೆ. ಅಳತೆಗೋಲು ಬದಲಾದಾಗ ಮಾಹಿತಿಯನ್ನು ಈ ಅವಕಲನದ ವರ್ಗದಿಂದ ಗುಣಿಸಬೇಕಾದ್ದರಿಂದ θ ಬಗ್ಗೆ ಇರುವ ಮಾಹಿತಿ n/(pq) × (pq)² = npq. ಇದು ಅರ್ಧದಲ್ಲೇ ಗರಿಷ್ಠ: 100 ಚಿಮ್ಮುವಿಕೆಗೆ p = 0.5 ರಲ್ಲಿ 25, p = 0.1 ರಲ್ಲಿ 9. ನಾಣ್ಯ ಅದೇ, ಚಿಮ್ಮಿದ್ದೂ ಅಷ್ಟೇ ಸಲ, ಆದರೂ ಕನಿಷ್ಠವಿದ್ದದ್ದು ಗರಿಷ್ಠವಾಯಿತು. ಫಿಶರ್ ಮಾಹಿತಿ ಮಾದರಿಯ ಒಳಗೆ ತುಂಬಿಟ್ಟ ಸರಕಿನ ತೂಕವಲ್ಲ. ಯಾವುದನ್ನು ಕೇಳುತ್ತೇವೋ ಅದಕ್ಕೆ ಅಂಟಿಕೊಂಡ ಅಳತೆ.

ಇನ್ನು ಕೆಳಮಿತಿ. T ಎಂಬುದು p ಯ ಪಕ್ಷಪಾತರಹಿತ ಅಂದಾಜಕ ಎಂದರೆ ಅದರ ನಿರೀಕ್ಷಿತ ಮೌಲ್ಯ p ಆಗಿರಬೇಕು, ಅದೂ ಒಂದು p ಗೆ ಮಾತ್ರವಲ್ಲ, 0 ಮತ್ತು 1 ರ ನಡುವಿನ ಪ್ರತಿಯೊಂದು p ಗೂ. ಮಾದರಿಯ ಸಂಭವನೀಯತೆಯನ್ನು L ಎಂದು ಬರೆದರೆ, ಎಲ್ಲ ಫಲಿತಾಂಶಗಳ ಮೇಲೆ T·L ನ ಮೊತ್ತ p ಗೆ ಸಮ. ಎರಡೂ ಬದಿಯನ್ನು p ಯಿಂದ ಅವಕಲನ ಮಾಡಿ. ಬಲಬದಿ 1 ಆಗುತ್ತದೆ. ಎಡಬದಿಯಲ್ಲಿ L ನ ಅವಕಲನ L·U ಆದ್ದರಿಂದ ಅದು T·U ನ ನಿರೀಕ್ಷಿತ ಮೌಲ್ಯವಾಗುತ್ತದೆ. U ನ ಸರಾಸರಿ ಸೊನ್ನೆಯಾದ್ದರಿಂದ ಇದೇ T ಮತ್ತು U ಗಳ ಕೋವೇರಿಯನ್ಸ್. ಎಂದರೆ, ಅಂದಾಜಕ ಯಾವುದೇ ಇರಲಿ, ಪಕ್ಷಪಾತರಹಿತವಾಗಿದ್ದರೆ ಸ್ಕೋರಿನೊಂದಿಗೆ ಅದರ ಕೋವೇರಿಯನ್ಸ್ ಕಡ್ಡಾಯವಾಗಿ 1. ಕೋಶಿ–ಶ್ವಾರ್ಟ್ಸ್ ಅಸಮತೆಯ ಪ್ರಕಾರ ಕೋವೇರಿಯನ್ಸಿನ ವರ್ಗವು ಎರಡು ವೇರಿಯನ್ಸ್‌ಗಳ ಗುಣಲಬ್ಧವನ್ನು ಮೀರಲಾರದು, ಹಾಗಾಗಿ

Var(T) ≥ 1/Var(U) = p(1−p)/n

S/n ನ ವೇರಿಯನ್ಸ್ ನಿಖರವಾಗಿ pq/n ಆದ್ದರಿಂದ ಅದಕ್ಕಿಂತ ಉತ್ತಮವಾದ ಪಕ್ಷಪಾತರಹಿತ ಅಂದಾಜಕವನ್ನು ಹುಡುಕುವ ಅಗತ್ಯವೇ ಇಲ್ಲ. ಚಿಮ್ಮಿದ್ದು 100 ಸಲ, p = 0.5 ಎಂದರೆ ಕೆಳಮಿತಿ 0.0025, ಮಾನಕ ವಿಚಲನೆ 0.05. ನಾಣ್ಯದ ವಿಷಯದಲ್ಲಿ ಫಲಿತಾಂಶಗಳು ಎಣಿಕೆಗೆ ಸಿಗುವಷ್ಟೇ ಇರುವುದರಿಂದ ಮೊತ್ತದ ಒಳಗೆ ಅವಕಲನ ಮಾಡಲು ಯಾವ ಅಡ್ಡಿಯೂ ಇಲ್ಲ. ಆದರೆ 0 ರಿಂದ c ವರೆಗಿನ ಸಮವಿತರಣೆಯಂತಹ ಕಡೆ, c ಬದಲಾದಂತೆ ಸಾಧ್ಯ ಫಲಿತಾಂಶಗಳ ವ್ಯಾಪ್ತಿಯೇ ಬದಲಾಗುವುದರಿಂದ, ಈ ಹೆಜ್ಜೆ ಕೈಕೊಡುತ್ತದೆ.

ಈ ಮಿತಿಯ ಹಿಂದೆ ನಮ್ಮ ಸೀಮೆಯಲ್ಲಿ ಹುಟ್ಟಿದವರೊಬ್ಬರಿದ್ದಾರೆ ಎಂಬುದನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ಸಿ. ಆರ್. ರಾವ್ 1920 ರಲ್ಲಿ ಹುಟ್ಟಿದ್ದು ಇಂದಿನ ವಿಜಯನಗರ ಜಿಲ್ಲೆಯ ಹೂವಿನ ಹಡಗಲಿಯಲ್ಲಿ. ಕಲ್ಕತ್ತ ವಿಶ್ವವಿದ್ಯಾಲಯದಲ್ಲಿ ಅವರು ಪಾಠ ಮಾಡುತ್ತಿದ್ದಾಗ, ಮಾದರಿ ಬಹಳ ದೊಡ್ಡದಾದಾಗ ಮಾತ್ರ ಅನ್ವಯಿಸುವ ಫಿಶರ್ ಅವರ ಫಲಿತಾಂಶವೊಂದನ್ನು ವಿವರಿಸಿದರಂತೆ. ಸಣ್ಣ ಮಾದರಿಗೂ ಇಂಥದ್ದನ್ನು ಸಾಧಿಸಲಾಗದೇ ಎಂದು ವಿದ್ಯಾರ್ಥಿಯಾಗಿದ್ದ ವಿ. ಎಂ. ದಾಂಡೇಕರ್ ಕೇಳಿದರು. ಮುಂದೆ ಅರ್ಥಶಾಸ್ತ್ರಜ್ಞರಾಗಿ ಹೆಸರಾದ ದಾಂಡೇಕರ್ ಇವರೇ. ರಾವ್ ಆ ರಾತ್ರಿಯೇ ಕುಳಿತು ಸಾಧಿಸಿ ಮರುದಿನ ತರಗತಿಯಲ್ಲಿ ತೋರಿಸಿದರು, 1945 ರಲ್ಲಿ ಅದು ಪ್ರಕಟವಾಯಿತು. ಸ್ವೀಡನ್ನಿನ ಹರಾಲ್ಡ್ ಕ್ರಾಮೇರ್ ಸ್ವತಂತ್ರವಾಗಿ ಇದನ್ನೇ ಕಂಡುಕೊಂಡರು. ಫ್ರಾನ್ಸಿನ ಮೊರಿಸ್ ಫ್ರೆಷೆ 1943 ರಲ್ಲೇ ಇದರ ಒಂದು ರೂಪವನ್ನು ಬರೆದಿದ್ದರು. ನೀವು ಮೇಲೆ ನೋಡಿದ ಸಾಧನೆ ಆರೇಳು ಸಾಲಿನದು ಎಂಬುದನ್ನು ಗಮನಿಸಿದರೆ ಒಂದು ರಾತ್ರಿ ಸಾಕಾದದ್ದು ಅಚ್ಚರಿಯಲ್ಲ. ಅಚ್ಚರಿಯ ಭಾಗ ಆ ಪ್ರಶ್ನೆ.

ಮೂರನೇ ಸಂಶಯಕ್ಕೆ ಬರುವ ಮೊದಲು, 'ಪ್ರತಿಯೊಂದು p ಗೂ' ಎಂದು ಒತ್ತಿ ಹೇಳಿದ್ದು ಏಕೆ ಎಂಬುದನ್ನು ತೋರಿಸಬೇಕು. (S+1)/(n+2) ಎಂಬ, ಲಾಪ್ಲಾಸ್ ಹೆಸರಿನಲ್ಲಿ ಪ್ರಸಿದ್ಧವಾದ, ಅಂದಾಜಕವನ್ನು ನೋಡಿ. p = 1/2 ಆದಾಗ ಅದರ ಸರಾಸರಿ ನಿಖರವಾಗಿ 1/2; ಆ ಬಿಂದುವಿನಲ್ಲಿ ಅದಕ್ಕೆ ಪಕ್ಷಪಾತವೇ ಇಲ್ಲ. ಆದರೆ n = 100 ಆದಾಗ ಅಲ್ಲಿ ಅದರ ವೇರಿಯನ್ಸ್ 25/10404, ಎಂದರೆ ಸುಮಾರು 0.0024, ಕೆಳಮಿತಿಯಾದ 0.0025 ಕ್ಕಿಂತ ಕಡಿಮೆ! ಮಿತಿ ಮುರಿದಿಲ್ಲ. ಸಾಧನೆಯಲ್ಲಿ ನಾವು ಬಳಸಿದ್ದು ಒಂದು ಬಿಂದುವಿನ ಸರಾಸರಿಯನ್ನಲ್ಲ, p ಜೊತೆಗೆ ಆ ಸರಾಸರಿ ಬದಲಾಗುವ ವೇಗವನ್ನು. ಈ ಅಂದಾಜಕದ ಸರಾಸರಿ (np+1)/(n+2), ಅದರ ವೇಗ 1 ಅಲ್ಲ, n/(n+2). ಬಲಬದಿಯಲ್ಲಿ 1 ರ ಬದಲು ಈ ವೇಗದ ವರ್ಗವನ್ನು ಇಟ್ಟರೆ ಮಿತಿ npq/(n+2)² ಆಗುತ್ತದೆ, ಈ ಅಂದಾಜಕದ ವೇರಿಯನ್ಸ್ ಕೂಡ ಕೂದಲೆಳೆಯಷ್ಟೂ ಅತ್ತಿತ್ತ ಆಗದೆ ಅಷ್ಟೇ ಇದೆ.

ಇದೇ ನಿಯಮವನ್ನು ನೀವು p(1−p) ಗೆ ಬಳಸಿದ್ದೀರಿ, ಸರಿಯಾಗಿಯೇ ಬಳಸಿದ್ದೀರಿ. ಅಂದಾಜು ಮಾಡಬೇಕಾದದ್ದು g(p) = p(1−p), ಅದರ ವೇಗ 1−2p, ಆದ್ದರಿಂದ ಕೆಳಮಿತಿ (1−2p)²·pq/n; ಅದು p = 1/2 ರಲ್ಲಿ ಸೊನ್ನೆ. ನಿಮ್ಮ ಮೊದಲ ಉತ್ತರದಲ್ಲಿ ಬಂದ 1−2p ಕೈತಪ್ಪಿನಿಂದ ಬಂದದ್ದು, ಇಲ್ಲಿನ 1−2p ಮಾತ್ರ ಅಸಲಿ. ಅದರ ಅರ್ಥ ಇಷ್ಟು: p(1−p) ಎಂಬ ಗುಡ್ಡದ ತುದಿ ಇರುವುದು ಅರ್ಧದಲ್ಲಿ, ತುದಿಯ ಬಳಿ ನೆಲ ಸಮತಟ್ಟು, ಹಾಗಾಗಿ p ಸ್ವಲ್ಪ ಅತ್ತಿತ್ತ ಸರಿದರೂ ಗುಡ್ಡದ ಎತ್ತರ ಬಹುಮಟ್ಟಿಗೆ ಬದಲಾಗುವುದಿಲ್ಲ. p ಯನ್ನು ತಪ್ಪಾಗಿ ಅಂದಾಜಿಸಿದರೂ p(1−p) ಅಷ್ಟು ತಪ್ಪಾಗುವುದಿಲ್ಲ.

ಆದರೆ 'ಕೆಳಮಿತಿ ಸೊನ್ನೆ' ಎಂಬುದಕ್ಕೆ 'ಸೊನ್ನೆ ಸಾಧ್ಯ' ಎಂಬ ಅರ್ಥವಿಲ್ಲ. ಎರಡೇ ಸಲ ಚಿಮ್ಮಿದ ಮಾದರಿಯಲ್ಲಿ ಇದನ್ನು ಕೈಬೆರಳಿನಲ್ಲೇ ಲೆಕ್ಕ ಹಾಕಬಹುದು. p(1−p) ಗೆ ಪಕ್ಷಪಾತರಹಿತ ಅಂದಾಜಕ S(n−S)/(n(n−1)); n = 2 ಆದಾಗ, ಒಂದು ಹೆಡ್ ಒಂದು ಟೇಲ್ ಬಿದ್ದರೆ ಅದು 1/2, ಎರಡೂ ಒಂದೇ ಬಿದ್ದರೆ 0. ಒಂದೊಂದು ಬೀಳುವ ಸಂಭವನೀಯತೆ 2pq, ಆದ್ದರಿಂದ ಸರಾಸರಿ pq; ಪಕ್ಷಪಾತವಿಲ್ಲ. ವೇರಿಯನ್ಸ್ ¼ × 2pq(1−2pq), ಎಂದರೆ pq(1−2pq)/2. ಕೆಳಮಿತಿಯಾದ (1−2p)²·pq/2 ರಲ್ಲಿ (1−2p)² ಎಂಬುದು 1−4pq ಗೆ ಸಮ. ಒಂದರಿಂದ ಇನ್ನೊಂದನ್ನು ಕಳೆದರೆ ಉಳಿಯುವುದು p²q². ಸಮನಾದ ನಾಣ್ಯದಲ್ಲಿ ನಿಜವಾದ ವೇರಿಯನ್ಸ್ 1/16, ಕೆಳಮಿತಿ 0.

ಇದಕ್ಕಿಂತ ಜಾಣತನದ ಬೇರೊಂದು ಅಂದಾಜಕ ಆ ಅಂತರವನ್ನು ತುಂಬೀತೇ ಎಂದರೆ, ಇಲ್ಲ. ಕೋಶಿ–ಶ್ವಾರ್ಟ್ಸ್ ಅಸಮತೆ ಸಮತೆಯಾಗುವುದು T ಯು ಸ್ಕೋರಿನ ಸರಳರೇಖೆಯ ರೂಪದಲ್ಲಿದ್ದಾಗ ಮಾತ್ರ, ಮತ್ತು ಸ್ಕೋರಿನಲ್ಲಿ S ಇರುವುದು ಮೊದಲ ಘಾತದಲ್ಲಿ. ಹಾಗಾಗಿ ಎಲ್ಲ p ಗೂ ಮಿತಿಯನ್ನು ಮುಟ್ಟುವ ಅಂದಾಜಕ ಸಿಗುವುದು a + bp ರೂಪದ ಪ್ರಮಾಣಗಳಿಗೆ ಮಾತ್ರ. p(1−p) ರಲ್ಲಿ ವರ್ಗ ಇದೆ, ಅದರ ಅಂದಾಜಕದಲ್ಲೂ S² ಇದೆ. ಅಲ್ಲದೆ S ಅನ್ನು ಮಾತ್ರ ಅವಲಂಬಿಸಿದ ಪಕ್ಷಪಾತರಹಿತ ಅಂದಾಜಕ p(1−p) ಗೆ ಇರುವುದು ಇದೊಂದೇ, ಮತ್ತು ಚಿಮ್ಮುವಿಕೆಗಳ ಕ್ರಮವನ್ನು ಬಳಸಿಕೊಂಡು ಇದನ್ನು ಸುಧಾರಿಸಲು ಬರುವುದಿಲ್ಲ. ಆದ್ದರಿಂದ ಸಿಗಬಹುದಾದ ಕನಿಷ್ಠ ವೇರಿಯನ್ಸ್ ಇದೇ, ಅದು ಕ್ರಾಮೇರ್–ರಾವ್ ಮಿತಿಗಿಂತ ಮೇಲೆಯೇ ಉಳಿಯುತ್ತದೆ.

ಎಷ್ಟು ಮೇಲೆ ಎಂಬುದಕ್ಕೂ ಉತ್ತರವಿದೆ. ಎ. ಭಟ್ಟಾಚಾರ್ಯ 1946 ರಲ್ಲಿ ಈ ಮಿತಿಯನ್ನು ವಿಸ್ತರಿಸಿ, ಲೈಕ್ಲಿಹುಡ್‌ನ ಮೊದಲ ಅವಕಲನದ ಜೊತೆಗೆ ಎರಡನೆಯದನ್ನೂ ಅದರ ಮೇಲಿನವನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ನಮ್ಮ g ಎರಡನೇ ಘಾತದ್ದಾದ್ದರಿಂದ ಎರಡನೇ ಅವಕಲನದವರೆಗೆ ಹೋದರೆ ಸಾಕು, ಅಲ್ಲಿಗೆ ಮಿತಿ ಮತ್ತು ವೇರಿಯನ್ಸ್ ಕೂಡಿಕೊಳ್ಳುತ್ತವೆ:

Var(T) = (1−2p)²·pq/n + 2p²q²/(n(n−1))

ಮೊದಲ ಪದ ನೀವು ಬರೆದ ಕೆಳಮಿತಿ. ಎರಡನೇ ಪದ ಗುಡ್ಡದ ಬಾಗಿನಿಂದ ಬರುವ ಪಾಲು; n = 2 ಹಾಕಿದರೆ ಮೇಲೆ ನಾವು ಕಂಡ p²q² ಬರುತ್ತದೆ. ಅರ್ಧದಲ್ಲಿ ಮೊದಲ ಪದ ಮಾಯವಾಗಿ 1/(8n(n−1)) ಮಾತ್ರ ಉಳಿಯುತ್ತದೆ. 100 ಚಿಮ್ಮುವಿಕೆಗೆ ಇದು 1/79200, ಮಾನಕ ವಿಚಲನೆ ಸುಮಾರು 0.0036, ಅದೇ ಮಾದರಿಯಿಂದ p ಯನ್ನು ಅಂದಾಜಿಸುವಾಗ ಇದ್ದದ್ದು 0.05. ಬೇರೆಡೆ ವೇರಿಯನ್ಸ್ n ಗೆ ವಿಲೋಮವಾಗಿ ಇಳಿದರೆ ಸಮನಾದ ನಾಣ್ಯದಲ್ಲಿ ಸುಮಾರು n² ಗೆ ವಿಲೋಮವಾಗಿ ಇಳಿಯುತ್ತದೆ. ನಿಮ್ಮ ಕೆಳಮಿತಿಯಲ್ಲಿ ಬಂದ ಸೊನ್ನೆ ಹೇಳುತ್ತಿದ್ದದ್ದು ಇದನ್ನೇ: 1/n ರ ಅಳತೆಯಲ್ಲಿ ನೋಡಿದರೆ ಅಲ್ಲಿ ಏನೂ ಉಳಿದಿಲ್ಲ, ಉಳಿದಿರುವುದು ಅದಕ್ಕಿಂತ ಸಣ್ಣ ಅಳತೆಯಲ್ಲಿ.

ನಿಮ್ಮ ಹಾಳೆಯ ಕೊನೆಯಲ್ಲಿ 'ln(p/q) ಗೂ ಹೀಗೆಯೇ ಮಿತಿ ಬರೆಯಬಹುದೇ' ಎಂದು ಗೀಚಿ ಹೊಡೆದುಹಾಕಿದ್ದೀರಿ. ಬರೆಯಬಹುದು, 1/(npq) ಬರುತ್ತದೆ. ಆದರೆ ಅದಕ್ಕೆ ಒಳಪಡಲು ಅಲ್ಲಿ ಯಾರೂ ಇಲ್ಲ. n ಚಿಮ್ಮುವಿಕೆಗಳಿಂದ ಕಟ್ಟಿದ ಯಾವುದೇ ಅಂದಾಜಕದ ಸರಾಸರಿಯು p ಯ, ಘಾತ n ಮೀರದ, ಬಹುಪದೋಕ್ತಿ. ln(p/q) ಬಹುಪದೋಕ್ತಿಯಲ್ಲ, ಆದ್ದರಿಂದ ಅದಕ್ಕೆ ಪಕ್ಷಪಾತರಹಿತ ಅಂದಾಜಕವೇ ಇಲ್ಲ. 1/p ಗೂ ಇದೇ ಗತಿ. ಹೊಡೆದುಹಾಕಿದ್ದು ಸರಿಯೇ.